ಸಂಬಳ ಒಬ್ಬರದು, ಸಂಸಾರ ಇಬ್ಬರದು

2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಜೀವನಾಂಶದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಿಚ್ಛೇದಿತ ಮುಸ್ಲಿಂ ಮಹಿಳೆ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳಬಹುದೇ ಎಂಬುದು ತೆಲಂಗಾಣದಿಂದ ಬಂದ ಆ ಪ್ರಕರಣದ ಪ್ರಶ್ನೆ. ಕೇಳಬಹುದು ಎಂದು ಇಬ್ಬರೂ ನ್ಯಾಯಮೂರ್ತಿಗಳು ಹೇಳಿದರು. ಆದರೆ ಪೀಠದಲ್ಲಿದ್ದ ಕನ್ನಡತಿ, ನ್ಯಾಯಮೂರ್ತಿ ಬಿ.ವಿ. ನಾಗರತ್ನ, ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಇನ್ನೊಂದು ಮಾತನ್ನೂ ಸೇರಿಸಿದರು. ಸ್ವಂತ ಆದಾಯವಿಲ್ಲದ ಗೃಹಿಣಿಗೆ ಗಂಡ ಹಣದ ಆಸರೆ ಕೊಡಬೇಕು, ಜಂಟಿ ಖಾತೆ ತೆರೆಯುವುದು, ಎಟಿಎಂ ಕಾರ್ಡ್ ಹಂಚಿಕೊಳ್ಳುವುದು ಅದಕ್ಕೆ ದಾರಿ ಎಂದರು. ದೇಶದ ಅತ್ಯುನ್ನತ ನ್ಯಾಯಾಲಯ ಗಂಡಹೆಂಡಿರ ಎಟಿಎಂ ಕಾರ್ಡಿನ ಬಗ್ಗೆ ಮಾತಾಡಬೇಕಾಗಿ ಬಂದಿತೆಂದರೆ, ಈ ಪ್ರಶ್ನೆ ಮನೆಯೊಳಗೆ ಇತ್ಯರ್ಥವಾಗಿಲ್ಲ ಎಂದೇ ಅರ್ಥ.

ಒಬ್ಬರು ದುಡಿದು ಇನ್ನೊಬ್ಬರು ಮನೆಯಲ್ಲಿದ್ದಾಗ ಆ ಹಣ ಯಾರದ್ದು? ಅದನ್ನು ನಡೆಸುವವರು ಯಾರು? ಮನೆಯಲ್ಲಿರುವವರು ತಮಗಾಗಿ ಒಂದು ಸಾವಿರ ರೂಪಾಯಿ ಖರ್ಚು ಮಾಡಲು ಯಾರನ್ನು ಕೇಳಬೇಕು? ಸಮಾಜಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು, ನ್ಯಾಯಾಧೀಶರು ಬೇರೆಬೇರೆ ಕಡೆಯಿಂದ ಇದನ್ನು ನೋಡಿದ್ದಾರೆ. ಅವರ ಉತ್ತರಗಳು ಒಂದಕ್ಕೊಂದು ಪೂರ್ತಿ ಕೂಡಿಬರುವುದಿಲ್ಲ.

ಕಲ್ಯಾಣದಿಂದ ಸಾಸಿವೆ ಡಬ್ಬಿಯವರೆಗೆ

ಈ ಚರ್ಚೆಯ ಒಂದು ಹಳೆಯ ಬೇರು ನಮ್ಮ ನೆಲದಲ್ಲೇ ಇದೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಮದುವೆಯಲ್ಲಿ ಬಂದ ಉಡುಗೊರೆಗಷ್ಟೇ ಸೀಮಿತವೆಂದು ಹಲವರು ತಿಳಿದಿದ್ದ ಸ್ತ್ರೀಧನವನ್ನು ಅವನು ಹಿಗ್ಗಿಸಿ, ಉತ್ತರಾಧಿಕಾರದಿಂದ ಬಂದದ್ದನ್ನೂ ಕೊಂಡದ್ದನ್ನೂ ಅದರೊಳಗೆ ತಂದ. ಬ್ರಿಟಿಷರ ಕಾಲದಲ್ಲಿ ಪ್ರಿವಿ ಕೌನ್ಸಿಲ್ ಆ ಹಿಗ್ಗನ್ನು ಮತ್ತೆ ಕುಗ್ಗಿಸಿತು. ಸ್ತ್ರೀಧನ ಹೆಂಡತಿಯ ಸ್ವಂತ ಸ್ವತ್ತು, ಗಂಡನೊಂದಿಗಿನ ಜಂಟಿ ಸ್ವತ್ತಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 1985ರಲ್ಲಿ. ಆದರೆ ಸ್ತ್ರೀಧನದ ವಿಚಾರವೆಲ್ಲ ಅವಳಿಗೆ ಬಂದ ಒಡವೆ, ಉಡುಗೊರೆ, ಆಸ್ತಿಯದ್ದು. ಗಂಡನ ತಿಂಗಳ ಸಂಬಳದಲ್ಲಿ ಅವಳಿಗೇನು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಆ ಪ್ರಶ್ನೆ ನೇರವಾಗಿ ಎದ್ದದ್ದು ಇಂಗ್ಲೆಂಡಿನಲ್ಲಿ. 1943ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯದ ಮುಂದೆ ಒಬ್ಬ ಗೃಹಿಣಿಯ ಉಳಿತಾಯದ ವ್ಯಾಜ್ಯ ಬಂತು. ಗಂಡ ಮನೆಖರ್ಚಿಗೆ ಕೊಟ್ಟ ಹಣದಲ್ಲಿ ಆಕೆ ಹಿಡಿತದಿಂದ ಉಳಿಸಿ ಸಹಕಾರ ಸಂಘವೊಂದರಲ್ಲಿ ನೂರು ಪೌಂಡಿಗೂ ಹೆಚ್ಚು ಕೂಡಿಟ್ಟಿದ್ದಳು. ಸಂಬಂಧ ಕೆಟ್ಟ ಮೇಲೆ ಗಂಡ ಅದು ತನ್ನದೆಂದ. ನ್ಯಾಯಾಲಯ ಅವನ ಮಾತನ್ನೇ ಒಪ್ಪಿತು. ಕೊಟ್ಟದ್ದು ಮನೆಖರ್ಚಿಗೆ, ಖರ್ಚಾಗದೆ ಉಳಿದದ್ದು ಕೊಟ್ಟವನದ್ದೇ ಎಂಬುದು ತರ್ಕ. ಅಂಥ ಉಳಿತಾಯ ಇಬ್ಬರಿಗೂ ಸಮಪಾಲು ಎಂಬ ಕಾಯಿದೆ ಬರಲು 1964ರವರೆಗೆ ಕಾಯಬೇಕಾಯಿತು.

ನಮ್ಮಲ್ಲಿ ಇದೇ ಹಣಕ್ಕೆ ಸಾಸಿವೆ ಡಬ್ಬಿಯ ದುಡ್ಡೆಂದು ಹೆಸರು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟು ರದ್ದಾದಾಗ ಲಕ್ಷಾಂತರ ಡಬ್ಬಿಗಳು ಒಮ್ಮೆಗೇ ಬಾಯಿ ತೆರೆಯಬೇಕಾಯಿತು. ಗಂಡನಿಗೆ ಗೊತ್ತಿಲ್ಲದ ಹಣ ಗಂಡನ ಎದುರೇ ಬ್ಯಾಂಕಿಗೆ ಹೋಯಿತು. ಕೆಲವರಿಗೆ ತೆರಿಗೆ ಇಲಾಖೆಯ ನೋಟಿಸೂ ಬಂತು. 2021ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠ, ಆ ಹೊತ್ತಿನಲ್ಲಿ ಗೃಹಿಣಿಯರು ಕಟ್ಟಿದ ಎರಡೂವರೆ ಲಕ್ಷದವರೆಗಿನ ಹಣವನ್ನು ಬಚ್ಚಿಟ್ಟ ಆದಾಯವೆಂದು ಕಾಣಬಾರದು ಎಂದಿತು. ಡಬ್ಬಿಯ ಉಳಿತಾಯಕ್ಕೆ ಸಿಕ್ಕ ಅಧಿಕೃತ ಮನ್ನಣೆಗಳಲ್ಲಿ ಇದೊಂದು.

ಮನೆಯೆಂದರೆ ಒಂದೇ ಗಂಟೇ?

ಅರ್ಥಶಾಸ್ತ್ರಜ್ಞರು ಬಹುಕಾಲ ಕುಟುಂಬವನ್ನು ಒಬ್ಬ ಮನುಷ್ಯನಂತೆ ಎಣಿಸಿದರು. ಅಮೆರಿಕದ ಗ್ಯಾರಿ ಬೆಕರ್ ಕಟ್ಟಿದ ಸಿದ್ಧಾಂತದ ಪ್ರಕಾರ ಮನೆಗೆ ಬಂದ ಹಣ ಒಂದೇ ಗಂಟಿಗೆ ಬೀಳುತ್ತದೆ, ಮನೆಮಂದಿಯ ಹಿತಕ್ಕೆ ಹಂಚಿಹೋಗುತ್ತದೆ. ಯಾರ ಕೈಯಿಂದ ಬಂತೆಂಬುದರಿಂದ ವ್ಯತ್ಯಾಸವಾಗದು. ಒಬ್ಬರು ಹೊರಗೆ, ಒಬ್ಬರು ಒಳಗೆ ದುಡಿಯುವುದು ಜಾಣ ಕೆಲಸಹಂಚಿಕೆ. ಕೂಡು ಬಾಳ್ವೆಯಲ್ಲಿ ನಿಜಕ್ಕೂ ಹೀಗೆ ನಡೆಯುವ ಮನೆಗಳಿವೆ. ಅವನ್ನು ಈ ಸಿದ್ಧಾಂತ ಚೆನ್ನಾಗಿ ವಿವರಿಸುತ್ತದೆ.

ಆದರೆ ಬ್ರಿಟನ್ನಿನ ಒಂದು ಆಡಳಿತ ಬದಲಾವಣೆ ಇದನ್ನು ಪರೀಕ್ಷೆಗೆ ಒಡ್ಡಿತು. 1970ರ ದಶಕದ ಕೊನೆಯಲ್ಲಿ ಅಲ್ಲಿಯ ಸರ್ಕಾರ, ಮಕ್ಕಳ ಹೆಸರಲ್ಲಿ ತಂದೆಯ ತೆರಿಗೆಯಲ್ಲಿ ಕೊಡುತ್ತಿದ್ದ ರಿಯಾಯಿತಿಯನ್ನು ತೆಗೆದು, ತಾಯಿಯ ಕೈಗೆ ನಗದು ಕೊಡತೊಡಗಿತು. ಹಣ ತಂದೆಯ ಕಡೆಯಿಂದ ತಾಯಿಯ ಕಡೆಗೆ ಸರಿದಿತ್ತು, ಅಷ್ಟೆ. ಲುಂಡ್‌ಬರ್ಗ್, ಪೊಲಾಕ್, ವೇಲ್ಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1997ರಲ್ಲಿ ಕುಟುಂಬಗಳ ಖರ್ಚಿನ ಲೆಕ್ಕ ತೆಗೆದು ನೋಡಿದರೆ, ಗಂಡಸರ ಬಟ್ಟೆಗೆ ಹೋಲಿಸಿದಾಗ ಹೆಂಗಸರ ಮತ್ತು ಮಕ್ಕಳ ಬಟ್ಟೆಯ ಖರ್ಚು ಏರಿತ್ತು. ಒಂದೇ ಗಂಟಾಗಿದ್ದರೆ ಹೀಗಾಗಬೇಕಿರಲಿಲ್ಲ.

ಇದಕ್ಕೂ ಮುಂಚೆಯೇ ಅಮರ್ತ್ಯ ಸೇನ್ ಮನೆಯೊಳಗೆ ಸಹಕಾರವೂ ತಿಕ್ಕಾಟವೂ ಒಟ್ಟೊಟ್ಟಿಗೆ ಇರುತ್ತವೆ ಎಂದು ವಾದಿಸಿದ್ದರು. ಮನೆಗೆ ಯಾರ ಕೊಡುಗೆ ಎಷ್ಟು ಎಂದು ಮನೆಯವರು ನಂಬಿದ್ದಾರೋ ಅದರ ಮೇಲೆ ಪಾಲು ನಿಲ್ಲುತ್ತದೆ, ಮತ್ತು ಸಂಬಳವಿಲ್ಲದ ಕೆಲಸ ಈ ನಂಬಿಕೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಕೆಲಸವಂತೂ ಕಡಿಮೆಯಿಲ್ಲ. 2019ರ ಭಾರತದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಅದಕ್ಕೆ ಕೊಡುತ್ತಿದ್ದರು.

ನಾಲ್ಕು ಪದ್ಧತಿ, ಒಂದೇ ಮನೆ

ಸಮಾಜಶಾಸ್ತ್ರದಲ್ಲಿ ಈ ಚರ್ಚೆಗೆ ಚೌಕಟ್ಟು ಹಾಕಿದವರು ಬ್ರಿಟನ್ನಿನ ಜಾನ್ ಪಾಲ್. ಗಂಡನ ಹಿಂಸೆಗೆ ಅಂಜಿ ಆಶ್ರಯಧಾಮ ಸೇರಿದ್ದ ಹೆಂಗಸರೊಂದಿಗೆ ಆಕೆ ಮಾತಾಡಿದಾಗ ಅನಿರೀಕ್ಷಿತ ಸಂಗತಿಯೊಂದು ಕಂಡಿತು. ಚೆನ್ನಾಗಿ ಸಂಪಾದಿಸುವ ಗಂಡನ ಮನೆಯಲ್ಲಿದ್ದಾಗಿನದಕ್ಕಿಂತ ಸರ್ಕಾರದ ಪುಡಿ ಭತ್ಯೆಯ ಮೇಲೆ ತಾವು ಹೆಚ್ಚು ನೆಮ್ಮದಿಯಾಗಿದ್ದೇವೆ ಎಂದು ಅವರಲ್ಲಿ ಹಲವರು ಹೇಳಿದರು. ಆ ಎಳೆ ಹಿಡಿದು ಆಕೆ 1989ರಲ್ಲಿ ಪ್ರಕಟಿಸಿದ ಪುಸ್ತಕ ದಂಪತಿಗಳ ಹಣಕಾಸನ್ನು ನಾಲ್ಕು ಪದ್ಧತಿಗಳಾಗಿ ವಿಂಗಡಿಸಿತು: ಇಡೀ ಸಂಬಳ ಒಬ್ಬರ ಕೈಗೆ, ಮನೆಖರ್ಚಿಗೆ ಇಷ್ಟೆಂದು ಕೊಡುವುದು, ಎಲ್ಲವನ್ನೂ ಕೂಡಿಹಾಕುವುದು, ಅವರವರದು ಅವರವರಿಗೆ. ಇದನ್ನು ನಮ್ಮೂರಿನ ಲೆಕ್ಕಕ್ಕೆ ಇಳಿಸಿ ನೋಡುವುದು ಒಳ್ಳೆಯದು.

ದಾವಣಗೆರೆಯಲ್ಲಿ ಒಂದು ಸಂಸಾರವಿದೆ ಎಂದುಕೊಳ್ಳೋಣ. ಗಂಡನ ಕೈಗೆ ಬರುವ ಸಂಬಳ 60,000 ರೂಪಾಯಿ, ಹೆಂಡತಿ ಮನೆಯಲ್ಲಿ, ಇಬ್ಬರು ಮಕ್ಕಳು. ಬಾಡಿಗೆ 12,000. ದಿನಸಿ, ಹಾಲು, ತರಕಾರಿ, ಗ್ಯಾಸು 14,000. ಶಾಲೆ, ಟ್ಯೂಷನ್ 8,000. ಕರೆಂಟು, ನೀರು, ಫೋನು 3,000. ಪೆಟ್ರೋಲು, ಬಸ್ಸು 4,000. ವಿಮೆ, ಔಷಧ 3,000. ಊರಲ್ಲಿರುವ ಗಂಡನ ತಂದೆತಾಯಿಗೆ 4,000. ಒಟ್ಟು 48,000 ಹೋಗಿ 12,000 ಉಳಿಯುತ್ತದೆ.

ಮನೆಖರ್ಚಿಗೆ ಕೊಡುವ ಪದ್ಧತಿ ನಮ್ಮಲ್ಲಿ ಮನೆಮನೆಯಲ್ಲೂ ಪರಿಚಿತ. ಗಂಡ ಒಂದನೇ ತಾರೀಕಿಗೆ 18,000 ಕೊಡುತ್ತಾನೆ, ಅದರಲ್ಲಿ ದಿನಸಿ, ಬಿಲ್ಲುಗಳು, ಸಣ್ಣಪುಟ್ಟದ್ದು ನಡೆಯಬೇಕು. ಟೊಮೆಟೊ ಬೆಲೆ ಏರಿದರೆ ಹೆಂಡತಿ ಇನ್ನಷ್ಟು ಕೇಳಬೇಕು, ಇಲ್ಲವೇ ಸಾರು ತೆಳ್ಳಗಾಗಬೇಕು. ಅವಳು ತನಗಾಗಿ ತಿಂಗಳಿಗೆ ಸಾವಿರ ಉಳಿಸಿದರೆ ಆ ಸಾವಿರ ಬಂದದ್ದು ಮನೆಯ ಊಟದಿಂದ, ಬಹುಪಾಲು ಅವಳದೇ ತಟ್ಟೆಯಿಂದ. ಗಂಡನ ಸ್ವಂತ ಖರ್ಚಾದರೋ ಉಳಿದ 12,000ದಿಂದ ಹೋಗುತ್ತದೆ, ಅದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಇಬ್ಬರೂ ಮಿತವ್ಯಯಿಗಳೇ ಇರಬಹುದು, ಒಳ್ಳೆಯವರೇ ಇರಬಹುದು. ಪದ್ಧತಿಯೇ ಒಬ್ಬರ ಖರ್ಚನ್ನು ಕಣ್ಣಿಗೆ ಕಾಣುವಂತೆಯೂ ಇನ್ನೊಬ್ಬರದನ್ನು ಕಾಣದಂತೆಯೂ ಮಾಡಿಬಿಡುತ್ತದೆ.

ಇಡೀ ಸಂಬಳ ತಂದು ಹೆಂಡತಿಯ ಕೈಗಿಡುವ ಗಂಡಂದಿರೂ ಇದ್ದಾರೆ. ಹೊರಗಿನಿಂದ ನೋಡಿದರೆ ಅವಳೇ ಯಜಮಾನಿ. ಆದರೆ ಪಾಲ್ ಕಂಡಂತೆ ಈ ಪದ್ಧತಿ ಹೆಚ್ಚಾಗಿ ಇರುವುದು ಆದಾಯ ಕಡಿಮೆ ಇರುವ ಮನೆಗಳಲ್ಲಿ. ಅಲ್ಲಿ ಹಣ ನಡೆಸುವುದೆಂದರೆ ಕೊರತೆ ನಡೆಸುವುದು, ಸಾಲಗಾರರಿಗೆ ಉತ್ತರ ಹೇಳುವುದು. ಹಣ ನಡೆಸುವ ಕೆಲಸ ಬೇರೆ, ದೊಡ್ಡ ನಿರ್ಧಾರದ ಹಿಡಿತ ಬೇರೆ ಎಂದು ಆಕೆ ತೋರಿಸಿದ್ದು ಇಡೀ ಚರ್ಚೆಯಲ್ಲೇ ಹೆಚ್ಚು ಉಪಯೋಗಕ್ಕೆ ಬಂದ ಮಾತು. ತಿಂಗಳ ದಿನಸಿಯೆಲ್ಲ ಹೆಂಡತಿಯದು, ಸೈಟು ಕೊಳ್ಳುವುದು ಗಂಡ ಮತ್ತು ಅವನ ಅಣ್ಣ ಮಾತಾಡಿಕೊಂಡು, ಎಂಬ ಮನೆಗಳನ್ನು ಯಾರು ನೋಡಿಲ್ಲ?

ನಾಲ್ಕನೇ ಪದ್ಧತಿ, ಅವರವರದು ಅವರವರಿಗೆ, ಒಬ್ಬರಿಗೇ ಸಂಬಳವಿರುವಲ್ಲಿ ನಡೆಯದು. ಉಳಿಯುವುದು ಕೂಡಿಹಾಕುವುದು.

ಜಂಟಿ ಖಾತೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕೂಡಿಹಾಕುವ ಪರ ಗಟ್ಟಿ ಪುರಾವೆಯೊಂದು ಅಮೆರಿಕದಿಂದ ಬಂದಿದೆ. ಜೆನ್ನಿ ಓಲ್ಸನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದುವೆ ನಿಶ್ಚಯವಾದ ಅಥವಾ ಹೊಸದಾಗಿ ಮದುವೆಯಾದ 230 ಜೋಡಿಗಳನ್ನು ಎರಡು ವರ್ಷ ಗಮನಿಸಲಾಯಿತು. ಜಂಟಿ ಖಾತೆ, ಬೇರೆ ಖಾತೆ, ತಮ್ಮಿಷ್ಟ ಎಂದು ಅವರನ್ನು ಚೀಟಿ ಎತ್ತಿದಂತೆ ವಿಂಗಡಿಸಲಾಗಿತ್ತು. ಮದುವೆಯ ಆರಂಭದ ವರ್ಷಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಬಂಧದ ಇಳಿತ ಜಂಟಿ ಖಾತೆಯವರಲ್ಲಿ ಕಾಣಲಿಲ್ಲ. ಹಣ ಒಟ್ಟಿಗಿದ್ದಾಗ ಗುರಿಯೂ ಒಂದಾಗುತ್ತದೆ, ನಿನಗೆ ಕೊಟ್ಟೆ ನನಗೆ ಕೊಡು ಎಂಬ ಲೆಕ್ಕ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ.

ಆದರೆ ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ಜಂಟಿ ಖಾತೆ ಎಂಬುದು ಒಂದೇ ವಸ್ತುವಲ್ಲ. ‘ಈದರ್ ಆರ್ ಸರ್ವೈವರ್’ ಎಂದು ಗುರುತು ಹಾಕಿದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು. ‘ಫಾರ್ಮರ್ ಆರ್ ಸರ್ವೈವರ್’ ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವವರೆಗೆ ಎರಡನೆಯವರು ಕೈ ಹಾಕುವಂತಿಲ್ಲ. ಪಾಸ್‌ಬುಕ್ಕಿನ ಮೇಲೆ ಇಬ್ಬರ ಹೆಸರೂ ಇರುತ್ತದೆ, ಹಿಡಿತ ಮಾತ್ರ ಒಬ್ಬರದು. ಮೊದಲ ವಿಧದಲ್ಲೂ ಎರಡನೇ ಎಟಿಎಂ ಕಾರ್ಡ್ ಕೇಳಿ ಪಡೆದಿಲ್ಲದಿದ್ದರೆ, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಗಂಡನದೊಂದೇ ಆಗಿದ್ದರೆ, ಒಟಿಪಿಯೂ ಸಂದೇಶವೂ ಅವನಿಗೇ ಹೋಗುತ್ತವೆ. ಖಾತೆ ಜಂಟಿ ಹೌದೋ ಅಲ್ಲವೋ ತಿಳಿಯಲು ಒಂದೇ ಪರೀಕ್ಷೆ ಸಾಕು: ದುಡಿಯುವವರು ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿದ್ದರೆ, ಮನೆಯಲ್ಲಿರುವವರು ಅವರ ಫೋನು ಮುಟ್ಟದೆ ಅಂದೇ ಐವತ್ತು ಸಾವಿರ ಕಟ್ಟಬಲ್ಲರೇ?

ಇನ್ನೊಂದು ತಪ್ಪು ತಿಳಿವಳಿಕೆ ಸಾವಿನ ಹೊತ್ತಿಗೆ ಬಯಲಾಗುತ್ತದೆ. ಬದುಕುಳಿದ ಖಾತೆದಾರರ ಕೈಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ಮುಗಿಯಿತು. ಆದರೆ ಹಣದ ಒಡೆತನ ಅಷ್ಟಕ್ಕೇ ತೀರ್ಮಾನವಾಗುವುದಿಲ್ಲ. ನಾಮಿನಿಯದ್ದೂ ಇದೇ ಸ್ಥಿತಿ. ಉಯಿಲು ಬರೆಯದೆ ಹಿಂದೂ ಗಂಡಸು ತೀರಿಕೊಂಡರೆ ಅವನ ಸಂಪಾದನೆಯಲ್ಲಿ ಹೆಂಡತಿ, ಮಕ್ಕಳು, ತಾಯಿ ಸಮಪಾಲುದಾರರು. ದಾವಣಗೆರೆಯ ಆ ಮನೆಯ ಖಾತೆಯಲ್ಲಿ ಗಂಡನ ದುಡಿಮೆಯ ಎಂಟು ಲಕ್ಷವಿದ್ದು, ಇಬ್ಬರು ಮಕ್ಕಳೂ ತಾಯಿಯೂ ಇದ್ದರೆ ಹೆಂಡತಿಯ ಪಾಲು ಎರಡು ಲಕ್ಷ. ಇದಕ್ಕೆ ಉಯಿಲು ಒಂದು ಪರಿಹಾರ. ಇನ್ನೊಂದು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ. ಜೀವವಿಮೆ ಕೊಳ್ಳುವಾಗಲೇ ಈ ಕಾಯಿದೆಯಡಿ ಎಂದು ನಮೂನೆ ತುಂಬಿದರೆ ಆ ಮೊತ್ತ ಹೆಂಡತಿ ಮಕ್ಕಳಿಗೆಂದು ನ್ಯಾಸವಾಗಿ ನಿಲ್ಲುತ್ತದೆ. ಗಂಡನ ಸಾಲಗಾರರು ಅದಕ್ಕೆ ಕೈ ಹಾಕುವಂತಿಲ್ಲ. ಪಾಲಿಸಿ ಕೊಂಡ ಮೇಲೆ ಸೇರಿಸಲಾಗದು ಎಂಬುದನ್ನು ಬಹಳ ಮಂದಿ ತಡವಾಗಿ ತಿಳಿಯುತ್ತಾರೆ.

ಕೇಳದೆ ಖರ್ಚು ಮಾಡುವ ಹಣ

ಜಂಟಿ ಖಾತೆಯ ಟೀಕಾಕಾರರು ಹೇಳುವುದು ಬೇರೊಂದು. ಎಲ್ಲ ಹಣ ಒಂದೆಡೆ ಇದ್ದರೂ ಸಂಪಾದಿಸದವರು ಅದನ್ನು ತಮ್ಮದೆಂದು ಬಗೆಯುವುದಿಲ್ಲ. ಮಗನ ಶೂಗೆ ಎರಡು ಸಾವಿರ ಕೊಡುವ ಕೈ ತನ್ನ ಚಪ್ಪಲಿಗೆ ಐನೂರು ಕೊಡಲು ಹಿಂಜರಿಯುತ್ತದೆ. ಜೊತೆಗೆ ಈಗ ಪ್ರತಿ ಪಾವತಿಗೂ ಗಂಡನ ಫೋನು ಸದ್ದು ಮಾಡುತ್ತದೆ. ಹಿಂದೆ ನಗದಿನ ಕಾಲದಲ್ಲಿ ಮನೆಖರ್ಚಿನ ಹಣಕ್ಕೆ ಒಂದು ಮರೆ ಇತ್ತು. ಯುಪಿಐ ಆ ಮರೆಯನ್ನು ತೆಗೆದುಹಾಕಿದೆ. 2024ರಲ್ಲಿ ಬಂದ ಯುಪಿಐ ಸರ್ಕಲ್ ಸೌಲಭ್ಯದಲ್ಲಿ ಖಾತೆದಾರರು ಇನ್ನೊಬ್ಬರಿಗೆ ತಿಂಗಳಿಗೆ 15,000ದವರೆಗೆ ಪಾವತಿಸುವ ಅಧಿಕಾರ ಕೊಡಬಹುದೆಂದು ಮಿತಿ ಇಡಲಾಯಿತು. ಅನುಕೂಲವೇನೋ ಹೌದು, ಆದರೆ ಹಳೆಯ ‘ಮನೆಖರ್ಚಿಗೆ ಕೊಡುವ’ ಪದ್ಧತಿಯೇ ಅಲ್ಲಿ ಹೊಸ ರೂಪದಲ್ಲಿದೆ, ಪ್ರತಿ ಖರ್ಚೂ ಕೊಟ್ಟವರ ಕಣ್ಣೆದುರು.

ಹಾಗಾಗಿ ಇತ್ತೀಚಿನ ಸಲಹೆಗಾರರಲ್ಲಿ ಅನೇಕರು ಮೂರು ಖಾತೆಯ ದಾರಿ ಹೇಳುತ್ತಾರೆ: ಸಂಬಳ ಬೀಳುವ ಒಂದು ಜಂಟಿ ಖಾತೆ, ಇಬ್ಬರಿಗೂ ಒಂದೊಂದು ಸ್ವಂತ ಖಾತೆ. ದಾವಣಗೆರೆಯ ಲೆಕ್ಕದಲ್ಲಿ ಉಳಿದ 12,000ದಲ್ಲಿ 7,000 ಉಳಿತಾಯಕ್ಕೆ ಹೋಗಿ, ತಲಾ 2,500 ಇಬ್ಬರ ಸ್ವಂತ ಖಾತೆಗೆ ತಾನಾಗಿ ವರ್ಗವಾಗುತ್ತದೆ. ಮೊತ್ತ ಸಮ ಇರಬೇಕು, ಲೆಕ್ಕ ಕೇಳಬಾರದು. ಈ ಎರಡು ಷರತ್ತೇ ಇಲ್ಲಿ ಮುಖ್ಯ. ಮೊತ್ತ ಐನೂರೇ ಆದರೂ ಪರವಾಗಿಲ್ಲ, ಸಾರು ತೆಳ್ಳಗೆ ಮಾಡದೆ ಬಂದ ಐನೂರು ಅದು.

ಹೀಗೆ ಮಾಡುವಾಗ ಯಾವುದು ಮನೆಯ ಖರ್ಚು, ಯಾವುದು ಸ್ವಂತ ಖರ್ಚು ಎಂಬಲ್ಲಿ ನಿಜವಾದ ಜಗಳ ಹುಟ್ಟುತ್ತದೆ. ಮೇಲಿನ ಪಟ್ಟಿಯನ್ನು ಮತ್ತೆ ನೋಡಿ. ಗಂಡನ ತಂದೆತಾಯಿಗೆ ಹೋಗುವ 4,000 ಮನೆಖರ್ಚಿನ ಸಾಲಿನಲ್ಲಿ ಸದ್ದಿಲ್ಲದೆ ಕೂತಿದೆ. ಹೆಂಡತಿಯ ತಾಯಿಗೆ ಕಣ್ಣಿನ ಆಪರೇಷನ್ ಆದರೆ? ತವರಿನ ತಂಗಿಯ ಮದುವೆಗೆ ಉಂಗುರ ಕೊಡಬೇಕೆಂದರೆ? ಬಹುಪಾಲು ಮನೆಗಳಲ್ಲಿ ಅದು ಅವಳ ‘ಸ್ವಂತ’ ಖರ್ಚು, ಅಥವಾ ಸಾಸಿವೆ ಡಬ್ಬಿಯ ಗುಟ್ಟು. ಎರಡೂ ಕಡೆಯ ಹಿರಿಯರು ಒಂದೇ ಸಾಲಿನಲ್ಲಿ ಬಾರದ ಬಜೆಟ್ಟನ್ನು ಜಂಟಿ ಎನ್ನುವುದು ಕಷ್ಟ.

ಪದ್ಧತಿ ಕೆಟ್ಟಿರುವುದು ಸಣ್ಣ ಸಣ್ಣ ಲಕ್ಷಣಗಳಲ್ಲಿ ಗೊತ್ತಾಗುತ್ತದೆ. ಸೀರೆಯ ಬೆಲೆ ಕಡಿಮೆ ಮಾಡಿ ಹೇಳುವುದು, ಅಂಗಡಿಯಲ್ಲಿ ಬಿಲ್ಲು ಒಡೆಸುವುದು, ಸಂಬಳ ಎಷ್ಟೆಂದು ಹೆಂಡತಿಗೆ ಗೊತ್ತೇ ಇಲ್ಲದಿರುವುದು, ಅವಳ ಚೀಟಿಯ ಕಂತಿನ ಬಗ್ಗೆ ಅವನಿಗೆ ತಿಳಿಯದಿರುವುದು. ಇವೆಲ್ಲ ಬರೀ ಸುಳ್ಳು ಹೇಳುವ ಚಟವಲ್ಲ. ಫಿಲಿಪ್ಪೀನ್ಸ್‌ನಲ್ಲಿ ನಾವಾ ಅಶ್ರಫ್ ನಡೆಸಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಉಳಿತಾಯ ಹೆಂಡತಿಯ ಹಿಡಿತದಲ್ಲಿದ್ದ ಗಂಡಸರು, ಆಯ್ಕೆ ಗುಟ್ಟಾಗಿದ್ದಾಗ ಸಿಕ್ಕ ಹಣವನ್ನು ತಮ್ಮ ಖಾತೆಗೇ ಹಾಕಿಕೊಂಡರು. ಇಬ್ಬರೂ ಮೊದಲೇ ಮಾತಾಡಿ ತೀರ್ಮಾನಿಸಿದಾಗ ಹೆಂಡತಿಯ ಖಾತೆಗೆ ಹಾಕಿದರು. ಬಚ್ಚಿಡುವುದು ಹೆಂಗಸರ ಗುಣವಲ್ಲ, ಹಿಡಿತ ಇಲ್ಲದವರ ದಾರಿ. ಇನ್ನು ಹಿಡಿತ ವಂಚನೆಗೆ ತಿರುಗಿ, ಅಗತ್ಯದ ಹಣವನ್ನೇ ತಡೆಹಿಡಿಯುವ ಮಟ್ಟಕ್ಕೆ ಹೋದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಅದನ್ನು ಆರ್ಥಿಕ ದೌರ್ಜನ್ಯವೆಂದೇ ಕರೆಯುತ್ತದೆ.

ಕಾನೂನಿನ ಎರಡು ನಾಲಿಗೆ

ಹೆಂಡತಿಯ ಹೆಸರಲ್ಲಿ ಹಣ ಇಡಲು ಹೊರಟ ಗಂಡನಿಗೆ ಮೊದಲು ಎದುರಾಗುವುದು ತೆರಿಗೆ. ಹೆಂಡತಿಗೆ ಐದು ಲಕ್ಷ ಉಡುಗೊರೆ ಕೊಟ್ಟರೆ ತೆರಿಗೆಯಿಲ್ಲ. ಆದರೆ ಅವಳು ಅದನ್ನು ಶೇಕಡಾ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ ಬರುವ 35,000 ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ. ಆ ಬಡ್ಡಿಯನ್ನು ಮತ್ತೆ ಹೂಡಿದಾಗ ಬರುವ ಆದಾಯವಷ್ಟೇ ಅವಳ ಲೆಕ್ಕಕ್ಕೆ. ತೆರಿಗೆ ತಪ್ಪಿಸುವುದನ್ನು ತಡೆಯಲು ಮಾಡಿದ ನಿಯಮವಿದು. ಆದರೆ ಸಂಬಳವಿಲ್ಲದ ಗೃಹಿಣಿಗೆ ಬಂದ ಹಣ ಅವಳ ದುಡಿಮೆಯ ಪಾಲೂ ಆಗಿರಬಹುದು ಎಂಬ ಯೋಚನೆಗೆ ಅದರಲ್ಲಿ ಜಾಗವಿಲ್ಲ.

ನ್ಯಾಯಾಲಯಗಳ ದನಿ ಬೇರೆ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣನ್ ರಾಮಸ್ವಾಮಿ ಅವರ ಮುಂದೆ ಬಂದ ವ್ಯಾಜ್ಯದಲ್ಲಿ ಗಂಡ ಸೌದಿ ಅರೇಬಿಯಾದಲ್ಲಿ ದುಡಿದು ಹಣ ಕಳಿಸಿದ್ದ, ಹೆಂಡತಿ ಊರಲ್ಲಿ ಮನೆ ಮಕ್ಕಳನ್ನು ನೋಡಿಕೊಂಡಿದ್ದಳು. ಅವಳು ಮನೆ ನೋಡಿಕೊಂಡದ್ದರಿಂದಲೇ ಅವನಿಗೆ ಹೊರಗೆ ದುಡಿಯಲು ಆಯಿತು, ಆದ್ದರಿಂದ ಆ ಹಣದಲ್ಲಿ ಕೊಂಡ ಆಸ್ತಿಯಲ್ಲಿ ಅವಳಿಗೆ ಸಮಪಾಲು ಇದೆ ಎಂದಿತು ತೀರ್ಪು. ಇದು ಒಂದು ಹೈಕೋರ್ಟಿನ ಏಕಸದಸ್ಯ ಪೀಠದ ಮಾತು, ಕರ್ನಾಟಕದ ನ್ಯಾಯಾಲಯಗಳು ಪಾಲಿಸಲೇಬೇಕೆಂದಿಲ್ಲ.

ಆದರೆ ಕಾರವಾರದಿಂದ ಗಡಿ ದಾಟಿದರೆ ಸಿಗುವ ಗೋವಾದಲ್ಲಿ ಇದು ಹಳೆಯ ಮಾತು. ಅಲ್ಲಿ ಇಂದಿಗೂ ನಡೆಯುವ ಪೋರ್ಚುಗೀಸ್ ಕಾಲದ ಸಿವಿಲ್ ಸಂಹಿತೆಯಂತೆ, ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಗಂಡಹೆಂಡಿರ ಆಸ್ತಿ ಇಬ್ಬರಿಗೂ ಅರ್ಧರ್ಧ. ಆಸ್ತಿ ಮಾರಲು ಇಬ್ಬರ ಒಪ್ಪಿಗೆ ಬೇಕು. ಆದಾಯ ತೆರಿಗೆ ಕಾಯಿದೆಯೂ ಈ ದಂಪತಿಗಳ ಬಾಡಿಗೆ, ವ್ಯಾಪಾರದಂಥ ಆದಾಯವನ್ನು ಎರಡು ಸಮಪಾಲಾಗಿ ಒಡೆದೇ ಎಣಿಸುತ್ತದೆ. ಸಂಬಳವನ್ನು ಮಾತ್ರ ಹೊರಗಿಟ್ಟಿದೆ. ಸಮಪಾಲಿನ ಊರಲ್ಲೂ ಸಂಬಳ ಸಂಪಾದಿಸಿದವರದ್ದೇ!

ಇನ್ನೂ ಇತ್ಯರ್ಥವಾಗದ್ದು

ಗಂಡನ ಆದಾಯದ ಒಂದು ಪಾಲನ್ನು ಹೆಂಡತಿಗೆ ಕೊಡಿಸುವ ಯೋಚನೆಯನ್ನು 2012ರಲ್ಲಿ ಆಗಿನ ಕೇಂದ್ರ ಸಚಿವೆ ಕೃಷ್ಣಾ ತೀರಥ್ ಮುಂದಿಟ್ಟಾಗ ವಿರೋಧ ಎರಡು ಕಡೆಯಿಂದ ಬಂತು. ಸಂಬಳವೆಂದರೆ ಹೆಂಡತಿ ನೌಕರಳಾದಂತೆ ಎಂದರು ಕೆಲವರು. ಸಂಸಾರಕ್ಕೆ ಸರ್ಕಾರ ಕೈ ಹಾಕಬಾರದು ಎಂದರು ಇನ್ನು ಕೆಲವರು. ವಿಚ್ಛೇದನದ ಹೊತ್ತಿಗೆ ಗಂಡನ ಸ್ಥಿರಾಸ್ತಿಯಲ್ಲಿ ಪಾಲು ಕೊಡುವ ತಿದ್ದುಪಡಿ 2013ರಲ್ಲಿ ರಾಜ್ಯಸಭೆ ದಾಟಿದರೂ ಲೋಕಸಭೆಯಲ್ಲಿ ಅಂಗೀಕಾರವಾಗದೆ ಅವಧಿ ಮುಗಿದು ಬಿದ್ದುಹೋಯಿತು. ಮದುವೆ ಗಟ್ಟಿಯಾಗಿರುವಾಗಲೇ ಅವಳ ಪಾಲೆಷ್ಟು ಎಂಬುದಕ್ಕೆ ಗೋವಾ ಬಿಟ್ಟರೆ ಹೆಚ್ಚಿನ ಕಡೆ ಕಾನೂನಿನ ಉತ್ತರವಿಲ್ಲ.

ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಯ ಖಾತೆಗೇ ತಿಂಗಳಿಗೆ 2,000 ಹಾಕುತ್ತದೆ. ಬ್ರಿಟನ್ನಿನ ಆ ಹಳೆಯ ಬದಲಾವಣೆಯ ಹೋಲಿಕೆ ಇಲ್ಲಿ ಎದ್ದು ಕಾಣುತ್ತದೆ. ಆದರೆ ಆ 2,000 ಅವಳ ಸ್ವಂತ ಹಣವಾಗುತ್ತಿದೆಯೋ, ಗಂಡ ಕೊಡುತ್ತಿದ್ದ ಮನೆಖರ್ಚು ಅಷ್ಟಕ್ಕೆ ಕಡಿಮೆಯಾಗುತ್ತಿದೆಯೋ ಎಂಬುದನ್ನು ಮನೆಯೊಳಗಿನ ಲೆಕ್ಕ ನೋಡಿಯೇ ಹೇಳಬೇಕು. ಗಂಡ ಆದಾಯ ತೆರಿಗೆ ಕಟ್ಟುವ ಮನೆಗೆ ಯೋಜನೆ ಅನ್ವಯಿಸುವುದಿಲ್ಲವಾದ್ದರಿಂದ, ಸಂಬಳದಾರರ ಮನೆಯ ಬಹಳಷ್ಟು ಗೃಹಿಣಿಯರು ಇದರ ಹೊರಗೇ ಇದ್ದಾರೆ.

ಅಮೆರಿಕದ ನವದಂಪತಿಗಳಲ್ಲಿ ಕಂಡ ಜಂಟಿ ಖಾತೆಯ ಗುಣ, ಅತ್ತೆ ಮಾವ ಒಟ್ಟಿಗಿರುವ, ಒಬ್ಬರೇ ದುಡಿಯುವ ಮನೆಯಲ್ಲೂ ಕಾಣುತ್ತದೆಯೇ? ಗಂಡ ಮನೆಯಲ್ಲಿದ್ದು ಹೆಂಡತಿ ದುಡಿಯುವ ಮನೆಯಲ್ಲಿ ‘ಕೇಳಿ ಖರ್ಚು ಮಾಡುವ’ ನಿಯಮ ಅವನಿಗೂ ಅಷ್ಟೇ ಬಿಗಿಯಾಗಿರುತ್ತದೆಯೇ? ಮತ್ತು ಹದಿನೈದು ವರ್ಷ ಮನೆ ನಡೆಸಿದವರ ಹೆಸರಲ್ಲಿ ಭವಿಷ್ಯನಿಧಿಯೂ ಇಲ್ಲ, ಪಿಂಚಣಿಯೂ ಇಲ್ಲ. ದಾವಣಗೆರೆಯ ಮನೆಯ ಆ 7,000 ಉಳಿತಾಯದಲ್ಲಿ ಎಷ್ಟು ಯಾರ ಹೆಸರಲ್ಲಿ ಬೆಳೆಯಬೇಕು ಎಂಬುದನ್ನು ಸದ್ಯಕ್ಕೆ ಆ ಇಬ್ಬರೇ ಕೂತು ಬಗೆಹರಿಸಿಕೊಳ್ಳಬೇಕಾಗಿದೆ.